ಗ್ಯಾಲರಿಯಲ್ಲಿ ಏನೂ ಇಲ್ಲ, ಫೋನ್ ಮಾತ್ರ ತುಂಬಿದೆ ಎನ್ನುತ್ತಿದೆ

ನಾಪೋಕ್ಲು, ಹೋಂಸ್ಟೇ ನಡೆಸುವವರು: ಸರ್, ನನ್ನದು 64 ಜಿಬಿಯ ಫೋನು. ಅದರಲ್ಲಿ 62 ಜಿಬಿ ತುಂಬಿದೆ ಎಂದು ತೋರಿಸುತ್ತಿದೆ. ಗ್ಯಾಲರಿಯಲ್ಲಿ ಇನ್ನೂರು ಫೋಟೊ ಕೂಡ ಇಲ್ಲ, ಆಟದ ಆ್ಯಪ್ ಒಂದೂ ಇಲ್ಲ. ಅತಿಥಿಗಳು ಕಳುಹಿಸುವ ಗುರುತಿನ ಚೀಟಿಯೂ ಡೌನ್‌ಲೋಡ್ ಆಗುತ್ತಿಲ್ಲ. ಈ ಜಾಗವನ್ನೆಲ್ಲ ಯಾವುದು ತಿನ್ನುತ್ತಿದೆ?

ಕುಶಾಲನಗರ, ಮೊಬೈಲ್ ದುರಸ್ತಿ ಅಂಗಡಿಯವರು: ಮೇಡಂ, ಇನ್ನು ಏನನ್ನೂ ಅಳಿಸಬೇಡಿ. ಸೆಟ್ಟಿಂಗ್ಸ್‌ನಲ್ಲಿ `Storage` ತೆರೆದು, ಅಲ್ಲಿ ಕಾಣುವ ಅಂಕಿಗಳನ್ನು ಒಂದೊಂದಾಗಿ ಬರೆದು ಕಳುಹಿಸಿ. ಸ್ಕ್ರೀನ್‌ಶಾಟ್ ತೆಗೆಯಲು ಜಾಗವಿಲ್ಲದಿದ್ದರೆ ಬೇರೆ ಫೋನಿನಿಂದ ಚಿತ್ರ ತೆಗೆದರೂ ಆಗುತ್ತದೆ.

ಸೋಮವಾರಪೇಟೆ, ಕಾಫಿ ಬೆಳೆಗಾರರು: ಇದಕ್ಕೆ ಇಷ್ಟೆಲ್ಲ ಏಕೆ? ದಿನಾ ಬೆಳಿಗ್ಗೆ ಎಲ್ಲ ಆ್ಯಪ್‌ಗಳ ಕ್ಯಾಶ್ ಅಳಿಸಿದರೆ ಸಾಕು. ಮೂರು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ.

ನಾಪೋಕ್ಲು, ಹೋಂಸ್ಟೇ ನಡೆಸುವವರು: ಆ್ಯಪ್‌ಗಳು 22, ಸಿಸ್ಟಮ್ 15, ಚಿತ್ರ 1, ವಿಡಿಯೊ 3, ಆಡಿಯೊ 1, ಇತರೆ 20. ಕ್ಯಾಶ್ ನಿನ್ನೆಯೇ ಅಳಿಸಿದ್ದೇನೆ. ಒಂದು ಜಿಬಿ ಸಿಕ್ಕಿತ್ತು, ಸಂಜೆಯೊಳಗೆ ಅದೂ ಹೋಯಿತು.

ಕುಶಾಲನಗರ, ಮೊಬೈಲ್ ದುರಸ್ತಿ ಅಂಗಡಿಯವರು: ನಿಮ್ಮ ಪಟ್ಟಿಯಲ್ಲಿ ನನಗೆ ಅನುಮಾನ ಬಂದಿರುವುದು ‘ಇತರೆ 20’ರ ಮೇಲೆ. ಫೋಟೊ, ವಿಡಿಯೊ, ಹಾಡು ಎಂದು ಗುರುತಿಸಲಾಗದ ಕಡತಗಳನ್ನೆಲ್ಲ ಫೋನ್ ಆ ಹೆಸರಿನಡಿ ಹಾಕುತ್ತದೆ. ನಿಮ್ಮಂತೆ ದಿನವಿಡೀ ವಾಟ್ಸ್ಆ್ಯಪ್‌ನಲ್ಲೇ ವ್ಯವಹರಿಸುವವರ ಫೋನುಗಳಲ್ಲಿ ಅದು ಬೆಳೆಯುವ ಜಾಗ ಸಾಮಾನ್ಯವಾಗಿ ಒಂದೇ. ಫೈಲ್ ಮ್ಯಾನೇಜರ್‌ನಲ್ಲಿ ‘ಅಡಗಿದ ಕಡತಗಳನ್ನು ತೋರಿಸು’ ಎಂಬ ಆಯ್ಕೆಯನ್ನು ಮೊದಲು ಚಾಲೂ ಮಾಡಿ. ಆಮೇಲೆ `Android/media/com.whatsapp/WhatsApp` ಎಂಬ ಫೋಲ್ಡರಿಗೆ ಹೋಗಿ, ಅದರೊಳಗಿನ `Databases` ತೆರೆದು ಎಷ್ಟು ಕಡತಗಳಿವೆ, ಪ್ರತಿಯೊಂದರ ಗಾತ್ರ ಎಷ್ಟು ಎಂದು ಹೇಳಿ. ನೋಡುವುದು ಮಾತ್ರ, ಅಳಿಸುವುದು ಬೇಡ.

ಶನಿವಾರಸಂತೆ, ಸದಸ್ಯರು: ಸರ್, ನನಗೂ ಸ್ಟೋರೇಜ್ ಫುಲ್ ಎಂದು ಬರುತ್ತಿದೆ, ಹೊಸ ಮೇಲ್ ಬರುವುದು ನಿಂತಿದೆ. ನಾನೂ ಈ ಫೋಲ್ಡರ್ ನೋಡಬೇಕೇ?

ಕುಶಾಲನಗರ, ಮೊಬೈಲ್ ದುರಸ್ತಿ ಅಂಗಡಿಯವರು: ಬೇಡ. ತುಂಬಿರುವುದು ನಿಮ್ಮ ಗೂಗಲ್ ಖಾತೆಯ 15 ಜಿಬಿ, ಫೋನ್ ಅಲ್ಲ.

ನಾಪೋಕ್ಲು, ಹೋಂಸ್ಟೇ ನಡೆಸುವವರು: ಎಂಟು ಕಡತಗಳಿವೆ ಸರ್. ಒಂದರ ಹೆಸರು `msgstore.db.crypt14`. ಉಳಿದ ಏಳಕ್ಕೆ ನಡುವೆ ದಿನಾಂಕವಿದೆ, `msgstore-2024-07-12.1.db.crypt14` ಎಂಬಂತೆ. ಪ್ರತಿಯೊಂದೂ ಸುಮಾರು 1.1 ಜಿಬಿ ಇದೆ. ಆದರೆ ವಾಟ್ಸ್ಆ್ಯಪ್ ಒಳಗಿನ `Manage storage` ಒಟ್ಟು 7 ಜಿಬಿ ಎಂದು ಮಾತ್ರ ಹೇಳುತ್ತದೆ. ಯಾವುದನ್ನು ನಂಬಲಿ?

ಕುಶಾಲನಗರ, ಮೊಬೈಲ್ ದುರಸ್ತಿ ಅಂಗಡಿಯವರು: ಎರಡೂ ನಿಜ. `Manage storage` ತೋರಿಸುವುದು ಚಾಟ್‌ಗಳಲ್ಲಿರುವ ಫೋಟೊ, ವಿಡಿಯೊಗಳ ಲೆಕ್ಕವನ್ನು. ನೀವು ಈಗ ನೋಡಿದ್ದು ಸಂದೇಶಗಳ ಬ್ಯಾಕಪ್. ವಾಟ್ಸ್ಆ್ಯಪ್ ಪ್ರತಿ ರಾತ್ರಿ ಸುಮಾರು 2 ಗಂಟೆಗೆ ನಿಮ್ಮ ಎಲ್ಲ ಚಾಟ್‌ಗಳ ಪೂರ್ತಿ ಪ್ರತಿಯೊಂದನ್ನು ಫೋನಿನಲ್ಲೇ ಬರೆದಿಡುತ್ತದೆ, ಹಿಂದಿನ ಏಳು ದಿನಗಳ ಪ್ರತಿಗಳನ್ನೂ ಉಳಿಸಿಕೊಳ್ಳುತ್ತದೆ. ನಿಮ್ಮ ಕಡತಗಳ ಗಾತ್ರ ನೋಡಿದರೆ, ಪ್ರತಿಯೊಂದೂ ಅಂದಿನ ಹೊಸ ಸಂದೇಶಗಳಷ್ಟೇ ಅಲ್ಲ, ಮೊದಲಿನಿಂದ ಕೊನೆಯವರೆಗಿನ ಪೂರ್ತಿ ಪ್ರತಿ. ಆದ್ದರಿಂದ ನಿಮ್ಮ ಸಂದೇಶಗಳು ಒಂದು ಜಿಬಿ ಬೆಳೆದರೆ ಫೋನಿನಲ್ಲಿ ಎಂಟು ಜಿಬಿ ಹೋಗುತ್ತದೆ. ನಿಮ್ಮಲ್ಲಿ ಈಗ ಹೋಗಿರುವುದು 8.8.

ಸಂದೇಶಗಳೇ ಒಂದು ಜಿಬಿ ದಾಟುವುದು ಹೇಗೆ ಎಂದು ಕೇಳುವಿರಿ. ಮಳೆಗಾಲದಲ್ಲಿ ಇಂಚು, ಸೆಂಟು ಮಳೆ ಲೆಕ್ಕ ಹಾಕುವ ಗುಂಪುಗಳು, ಕಾಫಿ, ಮೆಣಸಿನ ಧಾರಣೆಯ ಗುಂಪುಗಳು, ಸಂಘದ ಗುಂಪುಗಳು, ಇವೆಲ್ಲ ಸೇರಿ ದಿನಕ್ಕೆ ನೂರಾರು ಸಂದೇಶ ಬರುತ್ತವೆ. ಪ್ರತಿ ಚಿತ್ರದ ಮಸುಕಾದ ಪುಟ್ಟ ನಕಲೊಂದು ಸಂದೇಶದ ಜೊತೆಗೆ ಇದೇ ಕಡತದಲ್ಲಿ ಉಳಿಯುತ್ತದೆ. ಗ್ಯಾಲರಿಯಿಂದ ಚಿತ್ರವನ್ನು ಅಳಿಸಿದರೂ ಆ ನಕಲು ಹೋಗುವುದಿಲ್ಲ.

ಈಗ `Media/WhatsApp Video` ಒಳಗಿನ `Sent` ಫೋಲ್ಡರಿನ ಗಾತ್ರ ನೋಡಿ. ಅದರೊಳಗೆ `.nomedia` ಎಂಬ ಖಾಲಿ ಕಡತವೊಂದು ಇರುವುದರಿಂದ ಅಲ್ಲಿನ ಯಾವ ವಿಡಿಯೊವನ್ನೂ ಗ್ಯಾಲರಿ ತೋರಿಸುವುದಿಲ್ಲ.

ಸೋಮವಾರಪೇಟೆ, ಕಾಫಿ ಬೆಳೆಗಾರರು: ಹಾಗಾದರೆ ಕ್ಯಾಶ್ ಅಳಿಸುವುದು ತಪ್ಪು ಎನ್ನುತ್ತೀರಾ? ನನ್ನ ಫೋನ್ ಚೆನ್ನಾಗಿಯೇ ಇದೆ.

ಮಡಿಕೇರಿ, ಕಂಪ್ಯೂಟರ್ ಕೆಲಸದವರು: ತಪ್ಪಲ್ಲ ಅಣ್ಣಾ, ವ್ಯರ್ಥ. ಆಂಡ್ರಾಯ್ಡ್ 8ರಿಂದ ಈಚೆಗೆ ಪ್ರತಿ ಆ್ಯಪ್‌ನ ಕ್ಯಾಶ್‌ಗೂ ಒಂದು ಪಾಲು ಗೊತ್ತುಮಾಡಿರುತ್ತದೆ. ಜಾಗ ಕಡಿಮೆಯಾದಾಗ, ಪಾಲು ಮೀರಿದ ಆ್ಯಪ್‌ನಿಂದ ಮೊದಲುಗೊಂಡು ಫೋನೇ ಅಳಿಸುತ್ತದೆ. ನೀವು ಬೆಳಿಗ್ಗೆ ಅಳಿಸಿದ್ದನ್ನು ಆ್ಯಪ್ ಮತ್ತೆ ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಜುಲೈ ಮಳೆಯಲ್ಲಿ ಟವರ್ ಒಂದು ಗೀಟು ತೋರಿಸುವ ಕಡೆ ಅದು ತೊಂದರೆಯೇ.

ಸೋಮವಾರಪೇಟೆ, ಕಾಫಿ ಬೆಳೆಗಾರರು: ಪುಸ್ತಕದ ಮಾತು. ನನ್ನ ಫೋನಿನಲ್ಲಿ ಒಂದು ವಿಡಿಯೊ ಆ್ಯಪ್‌ನ ಕ್ಯಾಶ್ 3 ಜಿಬಿ ಇತ್ತು, ಫೋನ್ ತಾನಾಗಿ ಅಳಿಸಲೇ ಇಲ್ಲ.

ಕುಶಾಲನಗರ, ಮೊಬೈಲ್ ದುರಸ್ತಿ ಅಂಗಡಿಯವರು: ಅವರ ಅನುಭವವೂ ಸುಳ್ಳಲ್ಲ. ಜಾಗ ತೀರಾ ಕಡಿಮೆಯಾಗುವವರೆಗೆ ಫೋನ್ ಕ್ಯಾಶ್ ಮುಟ್ಟುವುದಿಲ್ಲ, ಹಾಗಾಗಿ ಮಿತಿಮೀರಿ ಬೆಳೆದ ಒಂದು ಆ್ಯಪ್‌ನ ಕ್ಯಾಶನ್ನು ಅಪರೂಪಕ್ಕೊಮ್ಮೆ ಅಳಿಸಬಹುದು. ಆದರೆ ಆ ಪರದೆಯಲ್ಲಿ ಅಕ್ಕಪಕ್ಕದಲ್ಲೇ ಎರಡು ಗುಂಡಿಗಳಿವೆ. `Clear cache` ಒತ್ತಿದರೆ ಮತ್ತೆ ಪಡೆಯಬಹುದಾದದ್ದು ಮಾತ್ರ ಹೋಗುತ್ತದೆ. `Clear storage` ಒತ್ತಿದರೆ ಆ ಆ್ಯಪ್‌ನಲ್ಲಿ ನೀವು ಇಟ್ಟದ್ದೆಲ್ಲ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅದನ್ನು ಒತ್ತಿ ಅಂಗಡಿಗೆ ಅಳುತ್ತ ಬಂದವರನ್ನು ನಾನು ನೋಡಿದ್ದೇನೆ. ಬ್ಯಾಕಪ್ ಉಳಿದಿಲ್ಲದಿದ್ದರೆ ನನ್ನಿಂದಲೂ ಏನೂ ಆಗುವುದಿಲ್ಲ.

ಗೋಣಿಕೊಪ್ಪ, ಸದಸ್ಯರು: *ಫಾರ್ವರ್ಡ್ ಆಗಿ ಬಂದದ್ದು:* ಫೋನಿನ ರಹಸ್ಯ ಕಸ ತೆಗೆಯಲು ಡಯಲ್ ಪ್ಯಾಡಿನಲ್ಲಿ ಈ ಸಂಖ್ಯೆ ಒತ್ತಿರಿ, ಎಲ್ಲರಿಗೂ ತಿಳಿಸಿರಿ…

ಕುಶಾಲನಗರ, ಮೊಬೈಲ್ ದುರಸ್ತಿ ಅಂಗಡಿಯವರು: ಆ ಸಂಖ್ಯೆಯನ್ನು ಈ ಕ್ಷಣವೇ ಗುಂಪಿನಿಂದ ತೆಗೆಯಿರಿ. ಕೆಲವು ಹಳೆಯ ಫೋನುಗಳಲ್ಲಿ ಅದು ಕಸವನ್ನಲ್ಲ, ಇಡೀ ಫೋನನ್ನು ಅಳಿಸುವ ಸಂಖ್ಯೆ. ಒತ್ತಿದ ಮೇಲೆ ‘ಖಚಿತವೇ?’ ಎಂದು ಕೇಳುವುದೂ ಇಲ್ಲ. ಇಂಥದ್ದನ್ನು ನೀವು ಒತ್ತಿ ನೋಡಿದ್ದೀರಾ, ಅಥವಾ ಓದದೆ ಕಳುಹಿಸಿದಿರಾ?

ಗೋಣಿಕೊಪ್ಪ, ಸದಸ್ಯರು: ಒಳ್ಳೆಯದಾಗಲಿ ಎಂದು ಹಾಕಿದೆ. ಅಷ್ಟು ಗದರಬೇಕಾಗಿರಲಿಲ್ಲ.

ವಿರಾಜಪೇಟೆ, ಶಿಕ್ಷಕರು: ಸರ್, ನನ್ನ ಫೋನಿನಲ್ಲಿ ವಾಟ್ಸ್ಆ್ಯಪ್ ಎರಡು ಇವೆ, ಒಂದು ಶಾಲೆಯ ನಂಬರಿಗೆ. ಎರಡನೆಯದರ ಫೋಲ್ಡರ್ ಫೈಲ್ ಮ್ಯಾನೇಜರ್‌ನಲ್ಲಿ ಕಾಣುತ್ತಲೇ ಇಲ್ಲ. ಅದು ಎಲ್ಲಿರುತ್ತದೆ?

ನಾಪೋಕ್ಲು, ಹೋಂಸ್ಟೇ ನಡೆಸುವವರು: `Sent` 5.6 ಜಿಬಿ ಇದೆ. ಎಲ್ಲವೂ ನಮ್ಮ ಮನೆ, ತೋಟ ತೋರಿಸುವ ಒಂದೇ ವಿಡಿಯೊ, ಮುನ್ನೂರೈವತ್ತು ಸಲ. ಜೊತೆಗೆ `DCIM/Camera` ಒಳಗೆ `.trashed-1722400000-IMG_20240630_173012.jpg` ಎಂಬಂಥ ಹೆಸರಿನವು ಸಾಲಾಗಿ ಇವೆ. ಅವು ಒಟ್ಟು 3 ಜಿಬಿ. ವೈರಸ್ಸೇ?

ಕುಶಾಲನಗರ, ಮೊಬೈಲ್ ದುರಸ್ತಿ ಅಂಗಡಿಯವರು: ವೈರಸ್ ಅಲ್ಲ. ಗ್ಯಾಲರಿಯಲ್ಲಿ ನೀವು ಅಳಿಸಿದ ಫೋಟೊ, ವಿಡಿಯೊಗಳು ಅವು. ಆಂಡ್ರಾಯ್ಡ್ 11ರಿಂದ, ಅಳಿಸಿದ ಚಿತ್ರ ಕೂಡಲೇ ಹೋಗದೆ ಹೆಸರು ಬದಲಾಯಿಸಿಕೊಂಡು ಅಲ್ಲೇ 30 ದಿನ ಇರುತ್ತದೆ. ನಡುವಿನ ಸಂಖ್ಯೆ ಅದು ನಿಜವಾಗಿ ಅಳಿಯುವ ಹೊತ್ತನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಹೇಳುತ್ತದೆ. ನೀವು ಕಳುಹಿಸಿದ ಹೆಸರಿನದ್ದು ಜುಲೈ 31ಕ್ಕೆ ಅಳಿಯುತ್ತದೆ, ಅಂದರೆ ಜುಲೈ 1ರಂದು ಅಳಿಸಿದ್ದೀರಿ. ಜಾಗ ಬೇಕೆಂದು ಅಷ್ಟೆಲ್ಲ ಫೋಟೊ ಅಳಿಸಿದಿರಿ, ಆದರೆ ಒಂದು ಎಂಬಿಯೂ ಸಿಗಲಿಲ್ಲ. ಗ್ಯಾಲರಿಯ `Trash` ತೆರೆದು ಖಾಲಿ ಮಾಡಿ, ಫೈಲ್ ಮ್ಯಾನೇಜರ್‌ನಿಂದ ಬೇಡ.

`Sent` ವಿಷಯಕ್ಕೆ ಬರೋಣ. ಗ್ಯಾಲರಿಯಿಂದ ಆರಿಸಿ ಕಳುಹಿಸಿದ ಪ್ರತಿ ಸಲವೂ ವಾಟ್ಸ್ಆ್ಯಪ್ ಆ ವಿಡಿಯೊವನ್ನು ಕುಗ್ಗಿಸಿ ಹೊಸ ಕಡತವಾಗಿ ಬರೆಯುತ್ತದೆ, ನಿಮ್ಮದು ತಲಾ 16 ಎಂಬಿ ಇರಬಹುದು. ಒಮ್ಮೆ ಕಳುಹಿಸಿದ್ದನ್ನು ಆ ಚಾಟ್‌ನಿಂದಲೇ ಫಾರ್ವರ್ಡ್ ಮಾಡಿದ್ದರೆ ಹೀಗಾಗುತ್ತಿರಲಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಫೋನನ್ನು ಕಂಪ್ಯೂಟರಿಗೆ ಜೋಡಿಸಿ `Databases` ಫೋಲ್ಡರನ್ನು ಪೂರ್ತಿಯಾಗಿ ಅಲ್ಲಿಗೆ ನಕಲು ಮಾಡಿ. ದಿನಾಂಕವಿಲ್ಲದ ಕಡತ ಮತ್ತು ತೀರಾ ಇತ್ತೀಚಿನ ದಿನಾಂಕದ್ದು, ಈ ಎರಡನ್ನು ಫೋನಿನಲ್ಲೇ ಬಿಟ್ಟು ಉಳಿದ ಆರನ್ನು ಅಳಿಸಿ. `Sent` ಒಳಗಿನ ಹಳೆಯ ವಿಡಿಯೊಗಳನ್ನು ಅಳಿಸಿ, `.nomedia` ಇರಲಿ. ಒಟ್ಟು 15 ಜಿಬಿ ಬಿಡುಗಡೆಯಾಗಬೇಕು. ಆದರೆ ಆ ಆರು ಪ್ರತಿಗಳು ವಾರದೊಳಗೆ ಮತ್ತೆ ಬರುತ್ತವೆ. ಅವು ಬೆಳೆಯದಿರಬೇಕಾದರೆ ಬೇಡದ ಗುಂಪುಗಳ ಚಾಟ್‌ಗಳನ್ನೇ ಅಳಿಸಬೇಕು. ಆಗಲೂ ಕಡತ ಕೂಡಲೇ ಅಷ್ಟಕ್ಕಷ್ಟೇ ಕಿರಿದಾಗುವುದಿಲ್ಲ, ಏಕೆಂದರೆ ಇಂಥ ಕಡತ ಖಾಲಿಯಾದ ಜಾಗವನ್ನು ಮುಂದಿನ ಸಂದೇಶಗಳಿಗೆಂದು ತನ್ನೊಳಗೇ ಇಟ್ಟುಕೊಳ್ಳುವುದುಂಟು.

ಮಡಿಕೇರಿ, ಕಂಪ್ಯೂಟರ್ ಕೆಲಸದವರು: ಕಂಪ್ಯೂಟರಿಗೆ ಜೋಡಿಸಿ ಯುಎಸ್‌ಬಿ ಡಿಬಗ್ಗಿಂಗ್ ಚಾಲೂ ಮಾಡಬಲ್ಲವರು ಒಂದೊಂದೇ ಫೋಲ್ಡರ್ ತೆರೆಯದೆ ಹೀಗೆ ನೋಡಬಹುದು:

```
adb shell du -h -d 3 /sdcard/Android/media
adb shell dumpsys diskstats
```

ಮೊದಲನೆಯದು ಆ ಹೊತ್ತಿನ ಗಾತ್ರ ಕೊಡುತ್ತದೆ. ಎರಡನೆಯದರಲ್ಲಿ ಬರುವ ಆ್ಯಪ್‌ಗಳ ಲೆಕ್ಕವನ್ನು ಫೋನ್ ದಿನಕ್ಕೊಮ್ಮೆ ಮಾಡಿಡುತ್ತದೆ, ಆದ್ದರಿಂದ ಈಗಷ್ಟೇ ಅಳಿಸಿದ್ದು ಅದರಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ.

ಸೋಮವಾರಪೇಟೆ, ಕಾಫಿ ಬೆಳೆಗಾರರು: ತೋಟದ ಕೆಲಸ ಬಿಟ್ಟು ಇದನ್ನೆಲ್ಲ ಟೈಪ್ ಮಾಡುವವರು ಯಾರು? ಸಾಮಾನ್ಯರಿಗೆ ಆಗುವಂಥದ್ದನ್ನು ಹೇಳಿ.

ಮಡಿಕೇರಿ, ಕಂಪ್ಯೂಟರ್ ಕೆಲಸದವರು: ನಿಮಗೆ ಹೇಳಿದ್ದಲ್ಲ. ಆಗುವವರಿಗೆ ಹೇಳಿದೆ.

ಕುಶಾಲನಗರ, ಮೊಬೈಲ್ ದುರಸ್ತಿ ಅಂಗಡಿಯವರು: ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಆಜ್ಞೆಗಳು ಸರಿಯಾಗಿವೆ, ಫೈಲ್ ಮ್ಯಾನೇಜರ್‌ನಿಂದಲೂ ಕೆಲಸ ಆಗುತ್ತದೆ.

ಪೊನ್ನಂಪೇಟೆ, ಸದಸ್ಯರು: ಸರ್, ನನ್ನ ಫೋನಿನಲ್ಲೂ ಸ್ಟೋರೇಜ್ ಫುಲ್, ಫೈಲ್ ಏನೂ ಇಲ್ಲ. ಯಾವ ಕ್ಲೀನರ್ ಆ್ಯಪ್ ಹಾಕಿಕೊಳ್ಳಲಿ?

ಕುಶಾಲನಗರ, ಮೊಬೈಲ್ ದುರಸ್ತಿ ಅಂಗಡಿಯವರು: ಯಾವುದೂ ಬೇಡ. ಮೇಲೆ ಬರೆದದ್ದನ್ನು ಓದಿ.

ಪೊನ್ನಂಪೇಟೆ, ಸದಸ್ಯರು: ಮೇಲೆ ತುಂಬಾ ಉದ್ದ ಇದೆ ಸರ್.

ನಾಪೋಕ್ಲು, ಹೋಂಸ್ಟೇ ನಡೆಸುವವರು: ನೀವು ಹೇಳಿದಂತೆ ಮಾಡಿದೆ ಸರ್, 62 ಇದ್ದದ್ದು 47ಕ್ಕೆ ಬಂತು. ಗುರುತಿನ ಚೀಟಿಗಳು ಡೌನ್‌ಲೋಡ್ ಆಗುತ್ತಿವೆ, ತುಂಬ ಉಪಕಾರವಾಯಿತು. ‘ಇತರೆ’ಯಲ್ಲಿ ಇನ್ನೂ 5 ಉಳಿದಿದೆ. ಬಿಟ್ಟ ಎರಡು ಬ್ಯಾಕಪ್‌ಗಳದ್ದು 2.2 ಎಂದರೆ, ಮಿಕ್ಕ 2.8 ಯಾವುದು?

ಕುಶಾಲನಗರ, ಮೊಬೈಲ್ ದುರಸ್ತಿ ಅಂಗಡಿಯವರು: ಅದನ್ನು ಫೋನ್ ನೋಡದೆ ಹೇಳಲಾರೆ. ಕಡತದ ಹೆಸರು ಕಾಣದೆ ಊಹೆಯ ಮೇಲೆ ಅಳಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕುಶಾಲನಗರಕ್ಕೆ ಬಂದಾಗ ತನ್ನಿ.

ನಾಪೋಕ್ಲು, ಹೋಂಸ್ಟೇ ನಡೆಸುವವರು: ಎಂಟು ದಿನದ ಮೇಲೆ ಬರೆಯುತ್ತಿದ್ದೇನೆ. ಎರಡು ದೊಡ್ಡ ಗುಂಪುಗಳಿಂದ ಹೊರಬಂದು ಅವುಗಳ ಚಾಟ್ ಅಳಿಸಿದ್ದೆ. `Databases` ಒಳಗೆ ಮತ್ತೆ ಎಂಟು ಕಡತಗಳಾಗಿವೆ, ಆದರೆ ಇತ್ತೀಚಿನವು 1.1 ಅಲ್ಲ, 0.9.

ಕುಶಾಲನಗರ, ಮೊಬೈಲ್ ದುರಸ್ತಿ ಅಂಗಡಿಯವರು: ಸರಿಯಾಗಿದೆ ಮೇಡಂ. ಹಳೆಯ 1.1ರವು ದಿನಕ್ಕೊಂದರಂತೆ ತಾವಾಗಿ ಹೋಗುತ್ತವೆ. ಈ ವಾರ ಏನನ್ನೂ ಮುಟ್ಟಬೇಡಿ.

ವಿರಾಜಪೇಟೆ, ಶಿಕ್ಷಕರು: ಎರಡನೆಯ ವಾಟ್ಸ್ಆ್ಯಪ್‌ನ ಫೋಲ್ಡರ್ ಎಲ್ಲಿರುತ್ತದೆ ಎಂದು ಅಂದೇ ಕೇಳಿದ್ದೆ. ಇನ್ನೂ ಯಾರೂ ಹೇಳಿಲ್ಲ.