ಮೊದಲನೇ ನೈಂಟಿಗೆ ಜೋಶ್, ಎರಡನೇದಕ್ಕೆ ತೂಕಡಿಕೆ: ಯಾಕೆ?

ಕೇಳಿದವರು: ಮೊದಲ ನೈಂಟಿಗೆ ಇಡೀ ಟೇಬಲ್‌ನಲ್ಲಿ ನನ್ನದೇ ಮಾತು. ಎರಡನೇದು ಮುಗಿಯೋಷ್ಟರಲ್ಲಿ ಕೂತಲ್ಲೇ ತೂಕಡಿಕೆ. ಅದೇ ವಿಸ್ಕಿ, ಅದೇ ನೀರು. ನಿಮಗೂ ಹಿಂಗೇ ಆಗುತ್ತಾ?

ಮಂಡ್ಯದವರು: ನಂಗೂ ಹಂಗೇ ಗುರು. ಮೆದುಳಿನ ಬ್ರೇಕ್ ಮೊದಲು ಫೇಲಾಗುತ್ತೆ, ಆಮೇಲೆ ಇಂಜಿನ್ನೇ ಆಫ್. ಅಷ್ಟೇ ವಿಷಯ.

ಅರಿವಳಿಕೆ ವೈದ್ಯೆ: ಬ್ರೇಕ್ ಮಾತು ಅರ್ಧ ನಿಜ. ಮಕ್ಕಳಿಗೆ ಮಾಸ್ಕ್ ಇಟ್ಟು ಅರಿವಳಿಕೆ ಕೊಡುವಾಗ ದಿನಾ ನೋಡ್ತೀನಿ: ನಿದ್ದೆಗೆ ಜಾರೋ ಮುಂಚೆ ಒಂದಷ್ಟು ಹೊತ್ತು ಕೈಕಾಲು ಒದರಾಡ್ತಾರೆ. ತಡೆಯುವ ಜೀವಕೋಶಗಳು ಮೊದಲು ಮಂಕಾದಾಗ ಹಂಗಾಗುತ್ತೆ. ಆದರೆ ಮದ್ಯದಲ್ಲಿ ಇನ್ನೊಂದು ಸಂಗತಿಯೂ ಸೇರುತ್ತೆ. ರಕ್ತದಲ್ಲಿ ಅದರ ಮಟ್ಟ ಏರ್ತಾ ಇರುವಾಗ ಡೋಪಮಿನ್ ಸುರಿಯುತ್ತೆ, ಖುಷಿ, ಮಾತಿಗೆ ಅದೂ ಒಂದು ಕಾರಣ. ಎಪ್ಪತ್ತು ಕೆಜಿ ಗಂಡಸು ಖಾಲಿ ಹೊಟ್ಟೇಲಿ 90 ಎಂಎಲ್ ಹಾಕಿದ್ರೆ, ಸುಮಾರು 30 ಗ್ರಾಂ ಆಲ್ಕೋಹಾಲ್, 100 ಎಂಎಲ್ ರಕ್ತಕ್ಕೆ 60 ಮಿಲಿಗ್ರಾಂ ಆಸುಪಾಸು. ಗಂಟೆಯೊಳಗೆ ಇನ್ನೊಂದು ನೈಂಟಿ ಬಿದ್ರೆ ನೂರು ದಾಟುತ್ತೆ. ಅಷ್ಟು ಮಟ್ಟದಲ್ಲಿ ಮೆದುಳಿನ ಶಾಂತಗೊಳಿಸೋ ಗಾಬಾ ಎಲ್ಲಾ ಕಡೆ ಜೋರು, ಎಚ್ಚರ ಇಡೋ ಗ್ಲುಟಮೇಟ್ ಎಲ್ಲಾ ಕಡೆ ಮಂದ. ನಾಲಿಗೆ ತೊದಲುತ್ತೆ, ಕಣ್ಣು ಮುಚ್ಚುತ್ತೆ.

ಕೇಳಿದವರು: ಹಂಗಾದ್ರೆ ತೂಕಡಿಕೆ ಬಂದಾಗ ಮೂರನೇದು ಹಾಕಿದ್ರೆ ಜೋಶ್ ವಾಪಸ್ ಬರಲ್ವಾ ಮೇಡಂ?

ವೈದ್ಯೆ: ಬರಲ್ಲ. ಮಟ್ಟ ಮತ್ತೆ ಏರುತ್ತೆ, ನಿಜ, ಆದ್ರೆ ಮಂಕು ಅದಕ್ಕಿಂತ ಮುಂದೆ ಹೋಗಿರುತ್ತೆ. ಎಬ್ಬಿಸಿದ್ರೂ ಏಳದಿದ್ರೆ, ಉಸಿರು ನಿಧಾನ ಆದ್ರೆ, ಮಗ್ಗುಲಿಗೆ ಮಲಗಿಸಿ ಆಂಬ್ಯುಲೆನ್ಸ್ ಕರೀರಿ.

ಹುಬ್ಬಳ್ಳಿಯವರು: ನನಗೂ ಅದೇ ತೊಂದರೆ ರೀ. ರಾತ್ರಿ ಹತ್ತಕ್ಕೆ ಗೊರಕೆ, ಮೂರಕ್ಕೆ ಎಚ್ಚರ, ಎದೆ ಢವಢವ. ಮೊಸರನ್ನ ತಿಂದು ಕುಡಿದ್ರೆ ಸರಿ ಹೋಗತ್ತಾ?

ವೈದ್ಯೆ: ಅದು ಬೇರೆ ಕಥೆ ಸಾರ್, ಮದ್ಯ ಇಳಿದ ಮೇಲೆ ಮೆದುಳು ಎದುರುಬಾಣ ಬಿಡೋದು. ಊಟ ಮಾಡಿ ಕುಡಿದ್ರೆ ಏರಿಕೆ ನಿಧಾನ, ಒಟ್ಟು ಮದ್ಯ ಅಷ್ಟೇ.

ಮಂಡ್ಯದವರು: ಇಳಿಯುವಾಗ ‘ನಾನು ಸರಿಯಾಗಿದೀನಿ’ ಅನ್ಸುತ್ತಲ್ಲ, ಅದೇನು?

ವೈದ್ಯೆ: ಅದೇ ನನಗೆ ಭಯ. ಒಂದೇ ಮಟ್ಟ ಇದ್ರೂ ಏರುವಾಗ ಅಮಲು ಜಾಸ್ತಿ, ಇಳಿಯುವಾಗ ಕಮ್ಮಿ ಅನ್ಸುತ್ತೆ, ಮೆದುಳು ಗಂಟೆಗಳಲ್ಲೇ ಹೊಂದಿಕೊಂಡಿರುತ್ತೆ. ಗಾಡಿ ಓಡಿಸೋ ತಪ್ಪುಗಳು ಮಾತ್ರ ಅಷ್ಟಾಗಿ ಕಮ್ಮಿ ಆಗಿರಲ್ಲ. 100 ಎಂಎಲ್ ರಕ್ತದಲ್ಲಿ ಗಂಟೆಗೆ ಕರಗೋದು ಸುಮಾರು 15 ಮಿಲಿಗ್ರಾಂ. ನಮ್ಮ ಕಾನೂನಿನ ಮಿತಿ 30. ನೂರರಿಂದ ಅಲ್ಲಿಗೆ ಇಳಿಯೋಕೆ ಸುಮಾರು ಐದು ಗಂಟೆ.

ಶಿವಮೊಗ್ಗದವರು: ನಮ್ಮ ಭಾವನಿಗೆ ಒಂದು ಕ್ವಾರ್ಟರ್ ಆದ್ರೂ ನಿದ್ದೆ ಇಲ್ಲ, ಹಾಡು ಬೇರೆ.

ವೈದ್ಯೆ: ಕೆಲವರಿಗೆ ಜೋಶ್ ಜಾಸ್ತಿ, ಮಂಕು ಕಮ್ಮಿ. ಹುಟ್ಟಿನಿಂದಲೋ ಅಭ್ಯಾಸದಿಂದಲೋ ಅಂತ ಒಬ್ಬರನ್ನ ನೋಡಿ ಹೇಳೋಕಾಗಲ್ಲ. ಹೆಚ್ಚು ಕುಡಿಯೋ ಚಟಕ್ಕೆ ಬೀಳೋ ಸಾಧ್ಯತೆ ಅವರಲ್ಲೇ ಜಾಸ್ತಿ.

ಶಿವಮೊಗ್ಗದವರು: ಹಾಡು ಮುಗಿದ ಮೇಲೆ ಬೈಕ್ ಕೀ ಕೇಳ್ತಾನೆ. ಆವಾಗಿಂದ ಕೀ ನನ್ನ ಜೇಬಲ್ಲೇ ಇಟ್ಕೊಳ್ತೀನಿ.