ತರಕಾರಿ ಬುಟ್ಟಿ ಸಬ್‌ಸ್ಕ್ರಿಪ್ಷನ್: ಲೆಕ್ಕದಲ್ಲಿ ಲಾಭ, ಬ್ಯಾಂಕಲ್ಲಿ ಯಾಕಿಲ್ಲ?

ಬುಟ್ಟಿ (ತುಮಕೂರು) ಕೇಳಿದ್ದು: ವಾರಕ್ಕೊಂದು ತರಕಾರಿ ಬುಟ್ಟಿ ಮನೆಗೆ ತಲುಪಿಸ್ತೀವಿ. ತಿಂಗಳಿಗೆ 4 ಬುಟ್ಟಿ, ₹1000. ಈಗ 400 ಮನೆ. ತಿಂಗಳಿಗೆ ನೂರಕ್ಕೆ 10 ಜನ ಬಿಡ್ತಾರೆ, ಅಂದ್ರೆ ಒಬ್ಬರು ಸರಾಸರಿ 10 ತಿಂಗಳು ಇರ್ತಾರೆ, ಅಷ್ಟರಲ್ಲಿ ಅವರಿಂದ ಒಟ್ಟು ಬರೋ ದುಡ್ಡು, ಅಂದ್ರೆ ಎಲ್‌ಟಿವಿ ₹10,000. ಹೋದ ತಿಂಗಳು ಆ್ಯಡ್‌ಗೆ ₹30,000 ಹಾಕಿದ್ದಕ್ಕೆ 60 ಹೊಸಬರು ಬಂದ್ರು, ಒಬ್ಬರನ್ನ ತರೋ ಖರ್ಚು, ಅಂದ್ರೆ ಸಿಎಸಿ ₹500. ಒಂದಕ್ಕೆ ಇಪ್ಪತ್ತು! ಆದ್ರೂ ಬ್ಯಾಂಕಲ್ಲಿ ದುಡ್ಡು ಕರಗ್ತಾನೇ ಇದೆ. ಎಲ್ಲಿ ತಪ್ಪಿದೀನಿ?

ಶಿರಾಗೇಟ್: ಒಂದಕ್ಕೆ ಮೂರು ಇದ್ರೆ ಸಾಕು ಅಂತಾರೆ ಹೂಡಿಕೆ ಮಾಡೋರು. ನಿಮ್ಮದು ಇಪ್ಪತ್ತು. ಚಿಂತೆ ಬಿಡಿ ಮೇಡಂ, ಬೆಳೀತಿರೋ ಕಂಪನಿಯಲ್ಲಿ ದುಡ್ಡು ಮೊದಲು ಹೋಗಿ ಆಮೇಲೆ ಬರೋದು. ಆ್ಯಡ್ ಇನ್ನೂ ಜಾಸ್ತಿ ಮಾಡಿ.

ಲೆಕ್ಕಪತ್ರ: ದಯವಿಟ್ಟು ಈಗಲೇ ಜಾಸ್ತಿ ಮಾಡಬೇಡಿ. ಮೊದಲು ಮೂರು ವಿಷಯ ಹೇಳಿ. ₹1000ದಲ್ಲಿ ತರಕಾರಿ, ಕೊಳೆತದ್ದು, ಚೀಲ, ಡೆಲಿವರಿ ಎಲ್ಲ ಕಳೆದು ಕೈಯಲ್ಲಿ ಉಳಿಯೋದೆಷ್ಟು? ಆ 60 ಜನರನ್ನ ತರೋಕೆ ಆ್ಯಡ್ ಬಿಟ್ಟು ಬೇರೆ ಏನೇನು ಖರ್ಚಾಯ್ತು? ಒಂದೇ ತಿಂಗಳಲ್ಲಿ ಸೇರಿದ ಒಂದು ಗುಂಪು ತಗೊಂಡು ನೋಡಿದ್ರೆ, ತಿಂಗಳು ತಿಂಗಳಿಗೆ ಎಷ್ಟು ಜನ ಉಳಿದಿದ್ದಾರೆ?

ಬುಟ್ಟಿ: ಬಿಲ್ ಎಲ್ಲ ತೆಗೆದು ನೋಡಿದೆ ಸಾರ್. ತರಕಾರಿ 620, ಕೊಳೆತು ಬಿಸಾಕೋದು 60, ಪ್ಯಾಕಿಂಗ್ 40, ಡೆಲಿವರಿ 120 (ಒಂದು ಸಲಕ್ಕೆ 30), ಪೇಮೆಂಟ್ ಗೇಟ್‌ವೇ 20. ಉಳಿಯೋದು ₹140. ಮನೆ ಮನೆಗೆ ಹೋಗಿ ಹೇಳೋಕೆ ಇಬ್ಬರು ಹುಡುಗ್ರು ಇದ್ದಾರೆ, ಸಂಬಳ, ಪೆಟ್ರೋಲು ಸೇರಿ ₹30,600. ಮೊದಲ ಬುಟ್ಟಿ ಫ್ರೀ, ಹೋದ ತಿಂಗಳು 150 ಕೊಟ್ವಿ, ಒಂದಕ್ಕೆ ನಮಗೆ ಬೀಳೋ ಖರ್ಚು ₹200.

ಜನವರಿಯಲ್ಲಿ ಸರಿಯಾಗಿ 100 ಜನ ಸೇರಿದ್ರು. ಎರಡನೇ ತಿಂಗಳು ದುಡ್ಡು ಕಟ್ಟಿದೋರು 70, ಆಮೇಲೆ 58, 52, 49, 47. ಏಳನೇ ತಿಂಗಳು 46.

ಲೆಕ್ಕಪತ್ರ: ಸಿಎಸಿಯಿಂದ ಶುರು ಮಾಡೋಣ. ಆ್ಯಡ್ ಪರದೆಯಲ್ಲಿ ತೋರಿಸೋ ₹30,000ದ ಮೇಲೆ 18% ಜಿಎಸ್‌ಟಿ ಇರುತ್ತೆ, ಅಲ್ಲಿಗೆ ₹35,400. ಬೇರೆ ವ್ಯಾಪಾರದೋರು ಅದನ್ನ ಇನ್‌ಪುಟ್ ಕ್ರೆಡಿಟ್ ಅಂತ ವಾಪಸ್ ತಗೋತಾರೆ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ನಿಮಗೆ ಆ ಕ್ರೆಡಿಟ್ಟೂ ಇಲ್ಲ, ಅಷ್ಟೂ ಖರ್ಚೇ. ಅದಕ್ಕೆ ಹುಡುಗರ 30,600, ಫ್ರೀ ಬುಟ್ಟಿಯ 30,000 ಸೇರಿಸಿ. ಒಟ್ಟು ₹96,000. ಅರವತ್ತರಿಂದ ಭಾಗಿಸಿದ್ರೆ ಒಬ್ಬರಿಗೆ ₹1600. ಫ್ರೀ ಬುಟ್ಟಿ ತಗೊಂಡು ಸೇರದೇ ಹೋದ 90 ಮನೆಗಳ ಖರ್ಚನ್ನೂ ಸೇರಿದವರೇ ಹೊರಬೇಕು ಅನ್ನೋದು ಮರೀಬೇಡಿ.

ಈಗ ಎಲ್‌ಟಿವಿ. ₹1000 ನಿಮ್ಮ ಕೈಯಲ್ಲಿ ಹಾದುಹೋಗೋ ದುಡ್ಡು, ನಿಮ್ಮದಲ್ಲ. ನಿಮ್ಮದು ₹140. ಹತ್ತು ತಿಂಗಳು ಅಂತಾನೇ ಇಟ್ಕೊಂಡ್ರೂ ₹1400. ಒಬ್ಬರನ್ನ ತರೋಕೆ 1600 ಹಾಕಿ 1400 ತಗೋತಿದೀರ.

ಬ್ಯಾಂಕ್ ಕಥೆಯೂ ಅಷ್ಟೇ. 400 ಮನೆಗೆ ₹140ರಂತೆ ತಿಂಗಳಿಗೆ ₹56,000 ಬರುತ್ತೆ, ಹೊಸಬರಿಗೆ ಅಂತ ₹96,000 ಹೋಗುತ್ತೆ. ತಿಂಗಳಿಗೆ ₹40,000 ಸೋರಿಕೆ, ಗೋಡೌನ್ ಬಾಡಿಗೆ ಇನ್ನೂ ಹಿಡಿದಿಲ್ಲ. ಆ್ಯಡ್ ಜಾಸ್ತಿ ಮಾಡಿದಷ್ಟೂ ತೂತು ದೊಡ್ಡದಾಗುತ್ತೆ.

ಶಿರಾಗೇಟ್: ಮಾರ್ಜಿನ್ ಮೇಲೆ ಲೆಕ್ಕ ಹಾಕಬೇಕು ಅನ್ನೋದು ಒಪ್ಪಿದೆ, ನಾನು ಅವಸರಪಟ್ಟೆ. ಆದ್ರೆ ಆ 10 ತಿಂಗಳು ಅನ್ನೋದೂ ತಪ್ಪಲ್ವಾ? ಜನವರಿ ಗುಂಪು ನೋಡಿ. ಮೊದಲು ದಬದಬ ಬಿಟ್ಟು ಹೋಗಿ, ಆಮೇಲೆ ಉಳಿದೋರು ಅಲ್ಲಾಡ್ತಿಲ್ಲ. 46 ಜನ ವರ್ಷಗಟ್ಟಲೆ ಇರ್ತಾರೆ. ಹಾಗಾದ್ರೆ ಎಲ್‌ಟಿವಿ 1400ಕ್ಕಿಂತ ಜಾಸ್ತಿನೇ ಆಗಬೇಕು.

ಲೆಕ್ಕಪತ್ರ: ಸರಿಯಾದ ಜಾಗ ಹಿಡಿದ್ರಿ. ಅದನ್ನೇ ಬಿಡಿಸೋಣ. ಮೊದಲ ಆರು ತಿಂಗಳಲ್ಲಿ 100+70+58+52+49+47, ಒಟ್ಟು 376 ಸಲ ದುಡ್ಡು ಬಂದಿದೆ. ಅಂದ್ರೆ ಸೇರಿದ ಒಬ್ಬರಿಗೆ ಆರು ತಿಂಗಳಲ್ಲಿ ಸರಾಸರಿ 3.76 ತಿಂಗಳ ಹಣ, ₹526. ಏಳನೇ ತಿಂಗಳಿಂದ ಉಳಿದ 46 ಜನರಲ್ಲಿ ತಿಂಗಳಿಗೆ ನೂರಕ್ಕೆ 4ರಂತೆ ಬಿಡ್ತಾರೆ ಅಂತ ಇಟ್ಕೊಂಡ್ರೆ, 46 ಭಾಗಿಸು 0.04, ಆ ಗುಂಪಿಂದ ಒಟ್ಟು ಇನ್ನೂ 1150 ತಿಂಗಳ ಹಣ. ಎರಡೂ ಸೇರಿ ತಲೆಗೆ 15.26 ತಿಂಗಳು, ₹2136. ಹೌದು, 1600ಕ್ಕಿಂತ ಜಾಸ್ತಿ.

ಆದ್ರೆ ಅದು ಕೈಗೆ ಬರೋದು ಯಾವಾಗ? ಹಾಕಿದ ₹1600 ವಾಪಸ್ ಬರಬೇಕಾದ್ರೆ ತಲೆಗೆ 11.4 ತಿಂಗಳ ಹಣ ಬರಬೇಕು. ಮೊದಲ ಆರು ತಿಂಗಳಲ್ಲಿ 3.76 ಬಂತು. ಉಳಿದದ್ದು ಆ 46 ಜನರಿಂದ, ಅವರೂ ಕಡಿಮೆ ಆಗ್ತಾ ಹೋಗ್ತಿರುವಾಗ, ನಿಧಾನಕ್ಕೆ ತೊಟ್ಟಿಕ್ಕಬೇಕು. ಲೆಕ್ಕ ಹಾಕಿದ್ರೆ ಅಸಲು ಬರೋಕೆ 33 ತಿಂಗಳು ಹತ್ತಿರ. ಇವರ ಕಂಪನಿ ಶುರುವಾಗಿ ಅಷ್ಟು ದಿನ ಆಗಿದೆಯೋ ಇಲ್ಲವೋ. ಅದಕ್ಕೇ ನನ್ನ ಅಭಿಪ್ರಾಯ, ಹೊಸ ಕಂಪನಿಯೋರು ಎಲ್‌ಟಿವಿಯನ್ನ 12 ತಿಂಗಳಿಗೆ ಕತ್ತರಿಸಿ ನೋಡಬೇಕು. ಇಲ್ಲಿ ಅದು 6.26 ತಿಂಗಳು, ₹876. ಆ 4% ಅನ್ನೋದೂ ನಾನು ಊಹಿಸಿದ್ದೇ, 49, 47, 46 ಅನ್ನೋ ಮೂರು ಅಂಕಿ ನೋಡಿ ವರ್ಷಗಳ ಭವಿಷ್ಯ ಹೇಳಕ್ಕಾಗಲ್ಲ.

ಶೀಟಲ್ಲಿ ಇದನ್ನ ನೋಡೋದು ಕಷ್ಟ ಇಲ್ಲ. ಒಂದು ಸಾಲಿಗೆ ಒಬ್ಬ ಗಿರಾಕಿ. B ಕಾಲಂನಲ್ಲಿ ಸೇರಿದ ಗುಂಪು, C ಕಾಲಂನಲ್ಲಿ ಎಷ್ಟು ತಿಂಗಳು ದುಡ್ಡು ಕಟ್ಟಿದ್ದಾರೆ ಅನ್ನೋ ಸಂಖ್ಯೆ. ಜನವರಿ ಗುಂಪಿಗೆ B01 ಅಂತ ಹೆಸರಿಟ್ರೆ, ಮೂರನೇ ತಿಂಗಳಿಗೆ ಉಳಿದವರ ಪಾಲು ಹೀಗೆ ಬರುತ್ತೆ:

```
=COUNTIFS(B:B,"B01",C:C,">=3")/COUNTIFS(B:B,"B01")
```

ಹಾಲಿನಕ್ಕ (ಕೋಲಾರ): ನಮ್ದು ಹಾಲು, ದಿನಾ ಹೋಗ್ತೀವಿ. ನೀವು ಬೆಲೆ ಏರಿಸಿಬಿಡಿ ಅಂತ ಹೇಳೋಣ ಅಂತಿದ್ದೆ, ಆದ್ರೆ ಪ್ರಶ್ನೆ ಅದಲ್ಲ ಅನ್ಸುತ್ತೆ. ಆದ್ರೂ ಒಂದು ಮಾತು. ಒಂದು ಮನೆಗೆ 30 ರೂಪಾಯಿ ಡೆಲಿವರಿ ಅಂದ್ರೆ ಮನೆಗಳು ದೂರ ದೂರ ಇವೆ ಅಂತ. ಗಾಡಿ ಹುಡುಗನಿಗೆ ದಿನಕ್ಕೆ ಎಷ್ಟು ಕೊಡ್ತೀಯಮ್ಮ, ಎಷ್ಟು ಮನೆ ಮಾಡ್ತಾನೆ?

ಬುಟ್ಟಿ: ಪೆಟ್ರೋಲ್ ಸೇರಿ ₹540, ದಿನಕ್ಕೆ 18 ಮನೆ ಅಕ್ಕ. ಕ್ಯಾತಸಂದ್ರದಲ್ಲಿ ನಾಲ್ಕು, ಬಟವಾಡಿಯಲ್ಲಿ ಐದು, ಎಸ್.ಎಸ್. ಪುರಂನಲ್ಲಿ ಆರು, ಹೀಗೆ ಚೆಲ್ಲಾಪಿಲ್ಲಿ. ಆ್ಯಡ್ ನೋಡಿ ಎಲ್ಲಿಂದ ಬೇಕಾದ್ರೂ ಬರ್ತಾರಲ್ಲ.

ಹಾಲಿನಕ್ಕ: ಅದೇ ನೋಡು. ಅದೇ 540ಕ್ಕೆ ಒಂದೇ ಬಡಾವಣೆಯಲ್ಲಿ 36 ಮನೆ ಆದ್ರೆ ತಲಾ 15. ಒಂದು ಬಡಾವಣೆಗೆ ವಾರದಲ್ಲಿ ಒಂದು ದಿನ ಇಟ್ಕೋ. ಸೋಮವಾರ ಎಸ್.ಎಸ್. ಪುರಂ, ಮಂಗಳವಾರ ಬಟವಾಡಿ. ಹೊಸಬರು ಬೇರೆ ದಿನ ಕೇಳಿದ್ರೆ ಇಲ್ಲ ಅನ್ನು, ಮೊದಮೊದಲು ಗೊಣಗ್ತಾರೆ, ಆಮೇಲೆ ಒಗ್ಗಿಕೊಳ್ತಾರೆ.

ಲೆಕ್ಕಪತ್ರ: ಅಕ್ಕ ಪ್ರಶ್ನೆ ಬಿಟ್ಟು ಹೋದ್ರು ಅಂದ್ಕೊಂಡೆ, ಎಲ್ಲರಿಗಿಂತ ಹತ್ತಿರ ಅವರೇ ಬಂದ್ರು. ಡೆಲಿವರಿ 30ರಿಂದ 15ಕ್ಕೆ ಇಳಿದ್ರೆ ತಿಂಗಳಿಗೆ ₹60 ಉಳೀತು, ಮಾರ್ಜಿನ್ 140ರಿಂದ 200. ಹನ್ನೆರಡು ತಿಂಗಳ ಎಲ್‌ಟಿವಿ ₹876 ಇದ್ದದ್ದು ₹1252. ಸಿಎಸಿಗೆ ಕೈ ಹಾಕದೇನೇ. ಇನ್ನೂ 1600 ಮುಟ್ಟಿಲ್ಲ ನಿಜ, ಆದ್ರೆ ಈಗ ಸಿಎಸಿಯನ್ನ ಸಾವಿರದ ಕೆಳಗೆ ತಂದ್ರೆ ವರ್ಷದೊಳಗೆ ಅಸಲು ಬರೋ ಹಾಗಾಗುತ್ತೆ.

ಇನ್ನೊಂದು ಕೇಳಬೇಕಿತ್ತು. ಆ 60ರಲ್ಲಿ ಪಕ್ಕದ ಮನೆಯೋರು ಹೇಳಿ ಬಂದವರು ಎಷ್ಟು?

ಬುಟ್ಟಿ: ಸುಮಾರು 20 ಜನ. ಅವರಿಗೆ ಹುಡುಗರೂ ಹೋಗಿಲ್ಲ, ಫ್ರೀ ಬುಟ್ಟಿನೂ ಕೇಳಿಲ್ಲ.

ಲೆಕ್ಕಪತ್ರ: ಹಾಗಾದ್ರೆ ₹96,000 ಖರ್ಚು 40 ಜನರಿಗೆ ಮಾತ್ರ ಆಯ್ತು. ದುಡ್ಡು ಕೊಟ್ಟು ತಂದವರ ನಿಜವಾದ ಸಿಎಸಿ ₹2400. ಎಲ್ಲರನ್ನೂ ಕಲಸಿ 1600 ಅಂದಾಗ ತಾವಾಗಿ ಬಂದವರು ಆ್ಯಡ್‌ನ ಮಾನ ಉಳಿಸ್ತಿದ್ರು. ಆ್ಯಡ್ ದುಪ್ಪಟ್ಟು ಮಾಡಿದ್ರೆ ಆ 20 ಜನ 40 ಆಗಲ್ಲ. ಗುಂಪುಗಳನ್ನ ಬಂದ ದಾರಿ ನೋಡಿ ಬೇರೆ ಮಾಡಿ, ಉಳಿಕೆಯನ್ನೂ ಬೇರೆ ಬೇರೆ ನೋಡಿ.

ನಂದಿಗಾಳಿ (ಚಿಕ್ಕಬಳ್ಳಾಪುರ): ಎಲ್ಲರೂ ಖರ್ಚಿನ ಕಡೆನೇ ನೋಡ್ತಿದೀರಿ. ನನಗೆ ಕಣ್ಣಿಗೆ ಬೀಳೋದು 100ರಿಂದ 70. ಮೊದಲ ತಿಂಗಳಲ್ಲೇ 30 ಜನ! ಫ್ರೀ ಬುಟ್ಟಿಗೆ ಆರಿಸಿ ಆರಿಸಿ ತುಂಬಿ, ಎರಡನೇ ವಾರದಿಂದ ಸಾಮಾನ್ಯ ಬುಟ್ಟಿ ಕಳಿಸ್ತೀರೇನೋ ನೋಡಿ. ಇಲ್ಲಾಂದ್ರೆ ಬುಟ್ಟಿ ದೊಡ್ಡದು. ಎಷ್ಟು ಕೆ.ಜಿ.?

ಬುಟ್ಟಿ: 5 ಕೆ.ಜಿ., ಎಂಟು ತರ.

ನಂದಿಗಾಳಿ: ಗಂಡ ಹೆಂಡತಿ ಇಬ್ಬರೇ ಇರೋ ಮನೆಗೆ ತಿಂಗಳಿಗೆ 20 ಕೆ.ಜಿ. ಜಾಸ್ತಿ. ಮೂರನೇ ವಾರದ ಬುಟ್ಟಿ ಬಂದಾಗ ಮೊದಲ ವಾರದ ನವಿಲುಕೋಸು ಫ್ರಿಜ್‌ನ ಮೂಲೆಯಲ್ಲಿ ಸುಕ್ಕುಗಟ್ಟಿ ಕೂತಿರುತ್ತೆ. ಅದನ್ನ ಕಸಕ್ಕೆ ಹಾಕೋ ದಿನವೇ ನಿಮ್ಮ ಸಬ್‌ಸ್ಕ್ರಿಪ್ಷನ್ನೂ ಹೋಗುತ್ತೆ. ಬಿಟ್ಟವರಿಗೆ ಫೋನ್ ಮಾಡಿ 'ಯಾಕೆ ಬಿಟ್ರಿ' ಅನ್ನಬೇಡಿ, 'ಊರಿಗೆ ಹೋಗ್ತಿದೀವಿ' ಅಂತಾರೆ. 'ಯಾವ ತರಕಾರಿ ಉಳೀತಿತ್ತು' ಅಂತ ಕೇಳಿ, ಅದಕ್ಕೆ ನಿಜ ಹೇಳ್ತಾರೆ. 3 ಕೆ.ಜಿ. ಬುಟ್ಟಿ ಒಂದು ಇಟ್ಟು ನೋಡಿ.

ಶಿರಾಗೇಟ್: 3 ಕೆ.ಜಿ. ಮಾಡಿದ್ರೆ ಒಂದು ಬುಟ್ಟಿಯ ಮಾರ್ಜಿನ್ ಬಿದ್ದುಹೋಗುತ್ತೆ, ಡೆಲಿವರಿ ಅಷ್ಟೇ ಇರುತ್ತೆ.

ನಂದಿಗಾಳಿ: ಬೀಳುತ್ತೆ. ಆದ್ರೆ ಬಿಟ್ಟುಹೋದ ಮನೆಯ ಮಾರ್ಜಿನ್ ಸೊನ್ನೆ. ಯಾವುದು ಗೆಲ್ಲುತ್ತೆ ಅಂತ ಎರಡು ತಿಂಗಳು ಒಂದು ಬಡಾವಣೆಯಲ್ಲಿ ಮಾಡಿ ನೋಡದೇ ಹೇಳಕ್ಕಾಗಲ್ಲ.

ಯುಪಿಐ: ಮೊದಲ ತಿಂಗಳೇ ಹೋದ ಆ 30ರಲ್ಲಿ ಎಷ್ಟು ಜನ ಬೇಕು ಅಂತಲೇ ಬಿಟ್ರು, ಎಷ್ಟು ಜನರ ಆಟೋಪೇ ಫೇಲ್ ಆಗಿ ಹೋದ್ರು ಅಂತ ಗೇಟ್‌ವೇ ರಿಪೋರ್ಟಲ್ಲಿ ನೋಡಿ. ಕಡಿತಕ್ಕೆ 24 ಗಂಟೆ ಮೊದಲು ಮೆಸೇಜ್ ಹೋಗುತ್ತೆ, ಅದು ನೋಡಿ ಕೆಲವರು ಮ್ಯಾಂಡೇಟನ್ನೇ ರದ್ದು ಮಾಡ್ತಾರೆ, ಅದು ಬೇರೆ. ಖಾತೆಯಲ್ಲಿ ದುಡ್ಡಿಲ್ಲದೆ ಫೇಲ್ ಆದದ್ದು ಬೇರೆ. ಎರಡನೆಯವರನ್ನ ಕಡಿತದ ದಿನ ತಿಂಗಳ 28ರಿಂದ ಸಂಬಳ ಬಂದ ಮೇಲಿನ 5ನೇ ತಾರೀಕಿಗೆ ತಳ್ಳಿ ಉಳಿಸಬಹುದು. ಅವರನ್ನ ವಾಪಸ್ ತರೋಕೆ ಸಿಎಸಿಯೇ ಬೀಳಲ್ಲ.

ಬುಟ್ಟಿ: ನಾವು 28ಕ್ಕೇ ಕಡಿತ ಮಾಡೋದು! ಅದು ನಾಳೆನೇ ಬದಲಾಯಿಸ್ತೀನಿ. ಸ್ವಲ್ಪ ದಿನ ಬುಟ್ಟಿ ಬೇಡ ಅಂತ 'ಪಾಜ್' ಹಾಕಿದೋರನ್ನ ಇದುವರೆಗೂ ಇದ್ದಾರೆ ಅಂತಲೇ ಎಣಿಸ್ತಿದ್ದೆ, ನೂರಕ್ಕೆ 10 ಅನ್ನೋದು ಅದಕ್ಕೇ ಚೆಂದ ಕಾಣ್ತಿತ್ತು ಅನ್ಸುತ್ತೆ.

ಲೆಕ್ಕಪತ್ರ: ಬೇಸಿಗೆ ರಜೆಯಲ್ಲಿ ಪಾಜ್ ಹಾಕಿ ಜೂನ್‌ನಲ್ಲಿ ವಾಪಸ್ ಬರೋರೂ ಇರ್ತಾರೆ. ಕಳೆದ 35 ದಿನದಲ್ಲಿ ದುಡ್ಡು ಕಟ್ಟಿದ್ರೆ ಮಾತ್ರ ಇದ್ದಾರೆ ಅಂತ ಎಣಿಸಿ, ವಾಪಸ್ ಬಂದ್ರೆ ಅದೇ ಹಳೇ ಸಾಲಲ್ಲಿ C ಕಾಲಂ ಏರಿಸಿ. ಹೊಸ ಗಿರಾಕಿ ಅಂತ ಬರೆದ್ರೆ ಸಿಎಸಿ ಸುಳ್ಳು ಸುಳ್ಳೇ ಇಳಿಯುತ್ತೆ.

ಫ್ರೀ ಬುಟ್ಟಿ ನಿಲ್ಲಿಸಿ ₹99 ಇಡಿ ಅಂತ ನಾನು ಹೇಳ್ತೀನಿ. 150 ಬುಟ್ಟಿಗೆ ₹30,000 ಇದ್ದ ಖರ್ಚು ₹15,150ಕ್ಕೆ ಇಳಿಯುತ್ತೆ.

ಹಾಲಿನಕ್ಕ: 99 ಅಂದ್ರೆ 150 ಜನ ತಗೊಳ್ಳಲ್ಲ ಕಣಪ್ಪ. 70 ತಗೊಂಡ್ರೆ ಹೆಚ್ಚು.

ಲೆಕ್ಕಪತ್ರ: ತಗೊಂಡ 70ರಲ್ಲಿ ಎಷ್ಟು ಜನ ಸೇರ್ತಾರೆ ಅನ್ನೋದೇ ಮುಖ್ಯ ಅಕ್ಕ. ಈಗ ಫ್ರೀ ತಗೊಂಡ 150ರಲ್ಲಿ ಸೇರಿದ್ದು 40, ಉಳಿದ 20 ಜನ ಫ್ರೀ ಬುಟ್ಟಿನೇ ಮುಟ್ಟಿಲ್ಲ. ಅಂದ್ರೆ ನೂರಕ್ಕೆ 27. ದುಡ್ಡು ಕೊಟ್ಟು ತಗೊಂಡೋರಲ್ಲಿ ಅರ್ಧಕ್ಕಿಂತ ಜಾಸ್ತಿ ಸೇರಿದ್ರೆ ಅದೇ 40 ಬಂತು, ಇಲ್ಲಾಂದ್ರೆ ನೀವು ಹೇಳಿದ್ದು ಸರಿ.

ಬುಟ್ಟಿ: ಎಸ್.ಎಸ್. ಪುರಂನಲ್ಲಿ 99, ಬಟವಾಡಿಯಲ್ಲಿ ಫ್ರೀ, ಒಂದು ತಿಂಗಳು. ಕ್ಯಾತಸಂದ್ರದ ನಾಲ್ಕು ಮನೆ ಏನು ಮಾಡೋದು ಗೊತ್ತಾಗ್ತಿಲ್ಲ, ಒಬ್ಬರು ಮೊದಲನೇ ದಿನದಿಂದ ಇದ್ದಾರೆ.

ಹಾಲಿನಕ್ಕ: ಅವರ ಕೈಲೇ ಆ ಬೀದಿಯಲ್ಲಿ ಇನ್ನೆಂಟು ಮನೆ ಹೇಳಿಸು.