ಸಹಾಯ ಬೇಕು: ಲೈಕ್ ಜಾಸ್ತಿ ಬಂದ ರೀಲ್ ಒಳ್ಳೇದಾ, ಸೇವ್ ಜಾಸ್ತಿ ಬಂದಿದ್ದಾ?

ಎಲ್ರಿಗೂ ನಮಸ್ಕಾರ, ನಾನು ಇನ್‌ಸ್ಟಾಗ್ರಾಮಲ್ಲಿ ಅಡುಗೆ ರೀಲ್ಸ್ ಹಾಕ್ತೀನಿ. ಅಕ್ಕಿ ರೊಟ್ಟಿದು 30 ಸೆಕೆಂಡಿಂದು, 40,000 ವ್ಯೂಸ್, 1,800 ಲೈಕ್, ಆದ್ರೆ ಸೇವ್ ಬರೀ 60, ಸರಾಸರಿ ನೋಡಿರೋದು 5 ಸೆಕೆಂಡು. ಮಾವಿನಕಾಯಿ ಉಪ್ಪಿನಕಾಯಿದು 48 ಸೆಕೆಂಡು, ವ್ಯೂಸ್ 6,000 ಅಷ್ಟೇ, ಲೈಕ್ 210, ಸೇವ್ 340, ಸರಾಸರಿ 26 ಸೆಕೆಂಡು.

ಲೈಕ್ ಮಾತ್ರ ನೋಡಿದ್ರೆ ನೂರು ವ್ಯೂಸಿಗೆ ಎರಡಕ್ಕೂ ನಾಕರ ಆಸುಪಾಸೇ ಬರತ್ತೆ, ವ್ಯತ್ಯಾಸನೇ ಗೊತ್ತಾಗಲ್ಲ. ಆದ್ರೆ ರೊಟ್ಟಿದನ್ನ ಆರನೇ ಒಂದು ಭಾಗ ನೋಡಿ ಬಿಟ್ಟಿದಾರೆ, ಉಪ್ಪಿನಕಾಯಿದು ಅರ್ಧಕ್ಕಿಂತ ಜಾಸ್ತಿ. ಯಾವ ಸೆಕೆಂಡಲ್ಲಿ ಎಷ್ಟು ಜನ ಇನ್ನೂ ನೋಡ್ತಿದ್ರು ಅಂತ ತೋರ್ಸೋ ರಿಟೆನ್ಷನ್ ಗ್ರಾಫ್ ತೆಗೆದು ನೋಡಿದ್ರೆ ರೊಟ್ಟಿದು 3ನೇ ಸೆಕೆಂಡಿಗೇ ಧಡಕ್ ಅಂತ ಬಿದ್ದಿದೆ, ಅಲ್ಲೇ ನಾನು ಗರಿಗರಿ ರೊಟ್ಟಿ ಮುರಿಯೋದು ತೋರ್ಸಿ ಆಮೇಲೆ ಮಾತು ಶುರು ಮಾಡಿದ್ದು. ಅಂದ್ರೆ ಜನ ರೊಟ್ಟಿ ನೋಡಿ ಲೈಕ್ ಒತ್ತಿ ಹೋಗಿದಾರೆ, ವಿಧಾನ ಯಾರೂ ಕೇಳಿಲ್ಲ ಅನ್ಸತ್ತೆ, ಇದು ನಂಗೆ ತುಂಬಾ ಬೇಜಾರು.

ಈಗ ನನ್ನ ಡೌಟು ಉಪ್ಪಿನಕಾಯಿದು. ಅದ್ರಲ್ಲಿ ಉಪ್ಪು, ಖಾರದಪುಡಿ ಅಳತೆ ಸ್ಕ್ರೀನ್ ಮೇಲೆ ಬರೆದಿದೀನಿ, ಹಂಗಾಗಿ ಆಮೇಲೆ ನೋಡೋಣ ಅಂತ ಸೇವ್ ಮಾಡಿ ಸ್ಕ್ರಾಲ್ ಮಾಡಿರ್ಬೋದಲ್ವಾ? ಸರಾಸರಿ ಸಮಯಕ್ಕೆ ಮತ್ತೆ ಮತ್ತೆ ನೋಡಿದ್ದೂ ಸೇರತ್ತೆ, ಅಳತೆಗೋಸ್ಕರ ಕೆಲವರು ನಾಕು ಸಲ ನೋಡಿದ್ರೂ ಅದು ಏರತ್ತೆ. ಹಂಗಾದ್ರೆ ನಿಜವಾಗ್ಲೂ ಕೊನೆವರೆಗೂ ಕೂತು ನೋಡಿದಾರೆ ಅಂತ ಹೆಂಗೆ ಹೇಳೋದು, ಗ್ರಾಫಲ್ಲಿ ಅಳತೆ ಬರೋ ಜಾಗ ದಾಟಿದ್ಮೇಲೆ ಗೆರೆ ಎಷ್ಟು ಉಳ್ಕೊಂಡಿದೆ ಅಂತ ನೋಡಿದ್ರೆ ಸಾಕಾ? ರೊಟ್ಟಿದನ್ನ ಮಾತಿನ ಭಾಗ ಕತ್ತರಿಸಿ ಮತ್ತೆ ಹಾಕಿ ಹೋಲಿಸ್ಬೇಕು ಅಂತಿದೀನಿ, ಹಿಂಗೆ ಮಾಡಿ ನೋಡಿರೋರು ಇದ್ರೆ ದಯವಿಟ್ಟು ಹೇಳಿ.